ನನ್ನ ಕಥೆಯ ಪ್ರಿಂಟರ್ ನಿಜಕ್ಕೂ ಹೀಗೆ ಕೆಡುತ್ತದೆಯೇ? ಓದಿ ಹೇಳಿ

ಕಮಲಾ, ಕಾತ್ರಜ್

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಇಂಡಿ ತಾಲೂಕಿನಲ್ಲಿದೆ. ಪುಣೆಗೆ ಬಂದು ಇಪ್ಪತ್ತೆರಡು ವರ್ಷ ಆಯಿತು. ಕೆಳಗಿನದು ನಾನು ಬರೆದ ಸಣ್ಣ ಕಥೆ. ಕಥೆಯೊಳಗಿನ ಮನೆ ನನಗೆ ಚೆನ್ನಾಗಿ ಗೊತ್ತು. ಪ್ರಿಂಟರ್ ಮಾತ್ರ ಅಷ್ಟಾಗಿ ಗೊತ್ತಿಲ್ಲ. ಕೊನೆಯ ಭಾಗ ಬರೆದ ಮೇಲೆ ಅದು ಸುಳ್ಳು ಅನ್ನಿಸಲು ಶುರುವಾಗಿದೆ. ತಿಳಿದವರು ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

*

ರೇಖಾಳ ಎಂಜಿನಿಯರಿಂಗ್ ಪ್ರಾಜೆಕ್ಟ್ ರಿಪೋರ್ಟ್ 58 ಪುಟ. ಅದರಲ್ಲಿ ಆರು ಪುಟ ಬಣ್ಣದ ಗ್ರಾಫ್. ಮೂರು ಪ್ರತಿ ಬೇಕು, ಬೆಳಿಗ್ಗೆ ಹತ್ತು ಗಂಟೆಗೆ ಕಾಲೇಜಿನಲ್ಲಿ ಕೊಡಬೇಕು. ಗೈಡ್ ಕೊನೆಯ ತಿದ್ದುಪಡಿ ಕಳಿಸಿದ್ದು ರಾತ್ರಿ ಒಂಬತ್ತಕ್ಕೆ. ತಿದ್ದಿ ಮುಗಿಸುವಷ್ಟರಲ್ಲಿ ಹನ್ನೊಂದಾಯಿತು. ಕೆಳಗಿನ ಝೆರಾಕ್ಸ್ ಅಂಗಡಿಯ ಶಟರ್ ಬಿದ್ದು ಒಂದು ಗಂಟೆ ಆಗಿತ್ತು.

ಮನೆಯಲ್ಲಿ ಪ್ರಿಂಟರ್ ಇತ್ತು. 2020ರಲ್ಲಿ ತಮ್ಮನ ಆನ್‌ಲೈನ್ ಕ್ಲಾಸಿಗೆ ಅಂತ ಅಪ್ಪ ಕಂತಿನಲ್ಲಿ ತಂದದ್ದು. ಪಕ್ಕದಲ್ಲಿ ನಾಲ್ಕು ಟ್ಯಾಂಕ್, ಬಾಟಲಿಯಿಂದ ಇಂಕ್ ಸುರಿಯುವಂಥದ್ದು. ಅದನ್ನು ಕೊನೆಗೆ ಬಳಸಿದ್ದು ಗಣಪತಿ ಹಬ್ಬದಲ್ಲಿ. ಮಂಡಳಿಯ ಆರತಿ ಹಾಳೆ ನಲವತ್ತು ತೆಗೆದರು. ಕೊನೆಯ ಹಾಳೆ ಹೊರಗೆ ಬೀಳುತ್ತಲೇ ಅಪ್ಪ ಗೋಡೆಯ ಸ್ವಿಚ್ ಆರಿಸಿದ. ಕರೆಂಟ್ ಬಿಲ್ಲಿನ ಭಯ ಅವನಿಗೆ. ಮಲಗುವ ಮುಂಚೆ ಮನೆಯ ಒಂದೊಂದು ಸ್ವಿಚ್ಚನ್ನೂ ಮುಟ್ಟಿ ನೋಡುತ್ತಾನೆ. ಆಮೇಲೆ ಅವ್ವ ಪ್ರಿಂಟರಿಗೆ ಹಳೇ ಸೀರೆ ಹೊದಿಸಿದಳು. ಈಗ ಏಪ್ರಿಲ್.

ರೇಖಾ ಸೀರೆ ತೆಗೆದಳು. ಬಾಂಡ್ ಪೇಪರ್ ಹಾಕಿ ಪ್ರಿಂಟ್ ಕೊಟ್ಟಳು. ಪ್ರಿಂಟರ್ ಗರಗರ ಅಂದು ಹಾಳೆ ಎಳೆದುಕೊಂಡಿತು. ಹೊರಗೆ ಬಂದ ಹಾಳೆಯಲ್ಲಿ ಕಾಲೇಜಿನ ಲಾಂಛನ ಬಣ್ಣಬಣ್ಣವಾಗಿ ಇತ್ತು. ಅದರ ಕೆಳಗೆ ಅವಳ ಹೆಸರು ಇರಲಿಲ್ಲ. ಇನ್ನೊಂದು ಹಾಳೆ. ಗ್ರಾಫಿನ ಗೆರೆಗಳು ಇದ್ದವು, ಅಕ್ಷರ ಒಂದೂ ಇಲ್ಲ. ಟ್ಯಾಂಕ್ ನೋಡಿದಳು. ಕಪ್ಪು ಇಂಕ್ ಅರ್ಧಕ್ಕಿಂತ ಮೇಲೇ ಇತ್ತು.

"ಏನಾತವ್ವಾ?" ಅಂದಳು ಅವ್ವ.

"ಕರೀ ಇಂಕ್ ಬರವಲ್ತು."

ಕಂಪ್ಯೂಟರಿನಲ್ಲಿ `Head Cleaning` ಅಂತ ಕಂಡಿತು. ಒತ್ತಿದಳು. ಬರಲಿಲ್ಲ. ಮತ್ತೆ ಒತ್ತಿದಳು. ಅಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತ. ಏನೂ ಕೇಳಲಿಲ್ಲ. ಬೇಕರಿಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಭಟ್ಟಿ ಹಚ್ಚುವ ಮನುಷ್ಯ, ಒಂಬತ್ತಕ್ಕೇ ಮಲಗಬೇಕಿತ್ತು. ರೇಖಾ ಒತ್ತುತ್ತಲೇ ಇದ್ದಳು. ಆರು ಸಲ. ಎಂಟು ಸಲ. ಹತ್ತು ಸಲ. ಹನ್ನೆರಡನೆಯ ಸಲಕ್ಕೆ, ಕಿಟಕಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ, ಅವಳ ಹೆಸರು ಹಾಳೆಯ ಮೇಲೆ ಕಪ್ಪಾಗಿ ಮೂಡಿತು.

*

ಇಷ್ಟೇ ಕಥೆ. ಹನ್ನೆರಡು ಸಲ ಕ್ಲೀನಿಂಗ್ ಒತ್ತಿದರೆ ಬರುತ್ತದಾ? ಆ ಸಂಖ್ಯೆ ನಾನು ಊಹಿಸಿ ಹಾಕಿದ್ದು.

ಸಿಂಹಗಡ ರಸ್ತೆಯವ

ಕಮಲಕ್ಕ, ಆ ಸೀರೆ ಹೊದಿಸಿದ್ದು ನೋಡಿ ನಮ್ಮ ಅತ್ತೆಯ ಮನೆ ನೆನಪಾಯಿತು. ಅವರ ಮನೆಯಲ್ಲಿ ಟಿವಿಗೂ ಹೊದಿಕೆ ಇದೆ.

ಪ್ರಿಂಟರ್ ವಿಷಯ. ಹನ್ನೆರಡು ಸಲ ಬೇಕಿಲ್ಲ. ಕಾರ್ಟ್ರಿಡ್ಜ್ ತೆಗೆದು, ಅದರ ಕೆಳಗಿನ ತಗಡಿನ ಭಾಗವನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದ ಟಿಶ್ಯೂ ಮೇಲೆ ಎರಡು ನಿಮಿಷ ಇಡಬೇಕು. ಕಪ್ಪು ಇಂಕ್ ಟಿಶ್ಯೂಗೆ ಇಳಿಯುವುದು ಕಾಣುತ್ತದೆ. ಒರೆಸಿ ಹಾಕಿದರೆ ಆಯಿತು. ಕಾಲೇಜಿನಲ್ಲಿ ನಾನು ಎಷ್ಟೋ ಸಲ ಮಾಡಿದ್ದೇನೆ. ರೇಖಾ ಹನ್ನೊಂದೂಕಾಲಿಗೆಲ್ಲ ಪ್ರಿಂಟ್ ತೆಗೆದು ಮಲಗಬಹುದಿತ್ತು.

ಹಳೇ ರಿಪೇರಿಯವ

ಪುಣೆಯಲ್ಲಿ ಪ್ರಿಂಟರ್ ರಿಪೇರಿ ಮಾಡುತ್ತಾ ಹದಿನೆಂಟು ವರ್ಷ ಆಯಿತು. ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಮೇಜಿನ ಮೇಲೆ ಇಂಥವೇ ಬಂದು ಕೂರುತ್ತವೆ. ಸಬ್ಮಿಶನ್ ಸಮಯ, ಒಣ ಬಿಸಿಲು, ತಿಂಗಳುಗಟ್ಟಲೆ ಮುಟ್ಟದ ಪ್ರಿಂಟರ್.

ಮೇಲಿನವರು ಹೇಳಿದ ಟಿಶ್ಯೂ ಉಪಾಯ ಸುಳ್ಳಲ್ಲ, ಆದರೆ ಅದು ಬೇರೆ ಜಾತಿಯ ಪ್ರಿಂಟರಿಗೆ. ಸಣ್ಣ ಕಾರ್ಟ್ರಿಡ್ಜ್ ಹಾಕುವ ಬಹಳ ಪ್ರಿಂಟರಿನಲ್ಲಿ ಇಂಕ್ ಚಿಮ್ಮುವ ಹೆಡ್ ಕಾರ್ಟ್ರಿಡ್ಜಿನ ಕೆಳಗೇ ಅಂಟಿಕೊಂಡಿರುತ್ತದೆ. ಅದನ್ನು ಕೈಗೆ ತೆಗೆದುಕೊಳ್ಳಬಹುದು. ರೇಖಾಳದ್ದು ಟ್ಯಾಂಕ್ ಪ್ರಿಂಟರ್. ಇಂಕ್ ಟ್ಯಾಂಕಿನಿಂದ ಸಪೂರ ನಳಿಕೆಯಲ್ಲಿ ಹೆಡ್ಡಿಗೆ ಹೋಗುತ್ತದೆ. ಅಂಥ ಬಹಳ ಪ್ರಿಂಟರಿನಲ್ಲಿ ಹೆಡ್ ಒಳಗೇ ಕೂತಿರುತ್ತದೆ, ಮನೆಯಲ್ಲಿ ಬಿಚ್ಚುವಂಥದ್ದಲ್ಲ. ಕೆಲವು ಕಂಪನಿಯವು ಬಿಚ್ಚಲು ಬರುತ್ತವೆ. ಆದರೂ ರಾತ್ರಿ ಹನ್ನೊಂದಕ್ಕೆ, ಕೈ ನಡುಗುವಾಗ, ಮೊದಲ ಸಲ ಅದನ್ನು ಬಿಚ್ಚಬೇಡಿ ಅಂತಲೇ ನಾನು ಹೇಳುವುದು.

ಕಮಲಕ್ಕ, ನಿಮಗೆ ಗೊತ್ತಿಲ್ಲದೆಯೇ ನೀವು ಒಂದು ವಿಷಯ ಸರಿಯಾಗಿ ಬರೆದಿದ್ದೀರಿ. ಪ್ರಿಂಟರ್ ಯಾಕೆ ಕೆಟ್ಟಿತು ಅನ್ನುವುದು ನಿಮ್ಮ ಕಥೆಯಲ್ಲೇ ಇದೆ. ಅಪ್ಪ ಗೋಡೆಯ ಸ್ವಿಚ್ ಆರಿಸಿದ ಅಂತ ಬರೆದಿದ್ದೀರಲ್ಲ, ಅದೇ.

ಕೊನೆಯ ಹಾಳೆ ಬಿದ್ದ ಮೇಲೂ ಪ್ರಿಂಟರಿಗೆ ಒಂದು ಕೆಲಸ ಬಾಕಿ ಇರುತ್ತದೆ. ಹೆಡ್ ಬಲಗಡೆಯ ಮೂಲೆಗೆ ಹೋಗಿ ಒಂದು ರಬ್ಬರ್ ಮುಚ್ಚಳದ ಮೇಲೆ ಕೂರಬೇಕು. ಪೆನ್ನಿಗೆ ಟೋಪಿ ಹಾಕಿದ ಹಾಗೆ. ಕೆಲವು ಸೆಕೆಂಡಿನ ಕೆಲಸ ಅದು. ಅದು ಮುಗಿಯುವ ಮೊದಲೇ ಗೋಡೆಯ ಸ್ವಿಚ್ ಆರಿದರೆ ಹೆಡ್ ದಾರಿಯಲ್ಲೇ ನಿಲ್ಲುತ್ತದೆ. ಟೋಪಿ ಇಲ್ಲದ ಪೆನ್ನು ಗಣಪತಿಯಿಂದ ಏಪ್ರಿಲ್‌ವರೆಗೆ ಬಿದ್ದಿತ್ತು ಅಂದುಕೊಳ್ಳಿ. ಏಳು ತಿಂಗಳು. ಒಣಗದೆ ಏನಾಗುತ್ತದೆ? ಪ್ರಿಂಟರಿನ ಮೇಲಿರುವ ಬಟನ್ ಒತ್ತಿ, ದೀಪ ಆರುವವರೆಗೆ ಕಾದು, ಆಮೇಲೆ ಗೋಡೆಯ ಸ್ವಿಚ್ ಆರಿಸಬೇಕು.

ಕಪ್ಪೇ ಯಾಕೆ ಹೋಯಿತು, ಬಣ್ಣ ಯಾಕೆ ಉಳಿಯಿತು? ಬಹಳ ಟ್ಯಾಂಕ್ ಪ್ರಿಂಟರುಗಳಲ್ಲಿ ಕಪ್ಪು ಪಿಗ್ಮೆಂಟ್ ಇಂಕ್, ಉಳಿದ ಮೂರು ಡೈ ಇಂಕ್. ಡೈ ಅಂದರೆ ನೀರಲ್ಲಿ ಕರಗಿದ ಬಣ್ಣ. ಪಿಗ್ಮೆಂಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಣ್ಣದ ಪುಡಿ ತೇಲುತ್ತಿರುತ್ತದೆ. ನೀರು ಆರಿದರೆ ಆ ಪುಡಿ ಹೆಡ್ಡಿನ ತೂತಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಬಾಟಲಿಯ ಮೇಲೆ ಯಾವ ಇಂಕ್ ಅಂತ ಬರೆದಿರುತ್ತದೆ, ನೋಡಿ. ನಾಲ್ಕೂ ಡೈ ಇರುವ ಮಾಡೆಲ್ ಕೂಡ ಇವೆ.

ಕೊನೆ ಮಾತ್ರ ಸುಳ್ಳಾಗಿದೆ ಅಕ್ಕ. ಹನ್ನೆರಡು ಸಲ ಒತ್ತಿದರೆ ಬರುವುದಿಲ್ಲ. ಅದರ ಬಗ್ಗೆ ಊಟ ಮಾಡಿ ಬಂದು ಬರೆಯುತ್ತೇನೆ.

ಕಮಲಾ, ಕಾತ್ರಜ್

ಅಯ್ಯೋ. ಆ ಸ್ವಿಚ್ಚಿನ ಮಾತು ನಾನು ಅಪ್ಪನ ಸ್ವಭಾವ ತೋರಿಸಲು ಬರೆದದ್ದು. ನಮ್ಮ ಅಪ್ಪ ಹಾಗೇ ಇದ್ದರು. ಅದೇ ಕಾರಣ ಆಗುತ್ತದೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಈಗ ಆ ಸಾಲು ಇಟ್ಟುಕೊಳ್ಳಲಾ, ತೆಗೆಯಲಾ? ಅಪ್ಪನ ಮೇಲೆ ತಪ್ಪು ಬರುವುದು ನನಗೆ ಬೇಡ.

ಎಂ.ಎ. ಓದುವವಳು

ನನ್ನ ಮಾತು ಸ್ವಲ್ಪ ಬೇರೆ. ನನಗೂ ಇದೇ ಆಗಿತ್ತು, ಆದರೆ ಪ್ರಿಂಟರ್ ಚೆನ್ನಾಗಿತ್ತು. ನನ್ನ ಕಿರುಪ್ರಬಂಧ ಕನ್ನಡದಲ್ಲಿತ್ತು. ಪುಣೆಯಲ್ಲಿ ಅಣ್ಣನ ಮನೆಯಲ್ಲಿದ್ದೆ. ನುಡಿಯಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಅವರ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ, ಒಂದು ಪದವೂ ಓದಲಾಗಲಿಲ್ಲ. ಅಂಗಡಿಯವರು ಮರಾಠಿಯಲ್ಲಿ ಫೈಲ್ ಕೆಟ್ಟಿದೆ ಅಂದರು. ನಾನು ಅಲ್ಲೇ ಅತ್ತುಬಿಟ್ಟೆ.

ಫೈಲ್ ಕೆಟ್ಟಿರಲಿಲ್ಲ. ಅವರಲ್ಲಿ ಆ ಫಾಂಟ್ ಇರಲಿಲ್ಲ, ಅಷ್ಟೇ. ಮನೆಗೆ ಓಡಿ ಬಂದು ಪಿಡಿಎಫ್ ಮಾಡಿಕೊಂಡು ಹೋದೆ, ಸರಿಯಾಗಿ ಬಂತು. ರೇಖಾ ಅಂಗಡಿಗೆ ಹೋಗುವ ಹಾಗೆ ಕಥೆ ಬದಲಾದರೆ ದಯವಿಟ್ಟು ಅವಳ ಕೈಗೆ ಪಿಡಿಎಫ್ ಕೊಡಿ.

ಹಳೇ ರಿಪೇರಿಯವ

ತಂಗೀ, ನಿನ್ನ ಮಾತು ಬೇರೆ ಅಲ್ಲ, ಇದಕ್ಕೆ ಬೇಕಾದದ್ದೇ. ಇಂಗ್ಲಿಷ್ ರಿಪೋರ್ಟ್ ಆದರೂ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಸಾಲುಗಳು ಸರಿಯುತ್ತವೆ. 58 ಪುಟ 61 ಆಗಬಹುದು, ಆಗ ಪರಿವಿಡಿಯ ಪುಟ ಸಂಖ್ಯೆ ಎಲ್ಲ ತಪ್ಪು.

ಈಗ ಕ್ಲೀನಿಂಗ್ ವಿಷಯ. ಒಂದು ಸಲ ಕ್ಲೀನಿಂಗ್ ಒತ್ತಿದರೆ ಪ್ರಿಂಟರ್ ಏನು ಮಾಡುತ್ತದೆ? ರಬ್ಬರ್ ಮುಚ್ಚಳದ ಕೆಳಗಿನ ಸಣ್ಣ ಪಂಪ್ ಹೆಡ್ಡಿನಿಂದ ಇಂಕ್ ಎಳೆಯುತ್ತದೆ. ಕಪ್ಪು ತೂತು ಕಟ್ಟಿದ್ದರೆ ಅಲ್ಲಿಂದ ಇಂಕ್ ಬರುವುದು ಕಷ್ಟ. ಚೆನ್ನಾಗಿರುವ ಬಣ್ಣದ ತೂತುಗಳಿಂದ ಧಾರಾಳವಾಗಿ ಬರುತ್ತದೆ. ಅಂದರೆ ಪ್ರತಿ ಸಲ ಬಣ್ಣದ ಇಂಕ್ ವ್ಯರ್ಥವಾಗುತ್ತದೆ. ಹೀಗೆ ಎಳೆದ ಇಂಕ್ ಕೆಳಗಿನ ಒಂದು ಸ್ಪಂಜಿಗೆ ಹೋಗುತ್ತದೆ. ಅದಕ್ಕೆ ಒಂದು ಲೆಕ್ಕ ಇದೆ. ಲೆಕ್ಕ ತುಂಬಿತು ಅಂದರೆ ಪ್ರಿಂಟರ್ ಪೂರ್ತಿ ನಿಂತೇ ಬಿಡುತ್ತದೆ. ಆರು ವರ್ಷ ಹಳೆಯ ಪ್ರಿಂಟರಿಗೆ ಒಂದೇ ರಾತ್ರಿ ಹನ್ನೆರಡು ಕ್ಲೀನಿಂಗ್ ಬಹಳ ಜಾಸ್ತಿ.

ನಾನು ಮಾಡುವುದು ಹೀಗೆ. ಕ್ಲೀನಿಂಗಿಗೆ ಮೊದಲೇ `Nozzle Check` ಹಾಳೆ ತೆಗೆಯುತ್ತೇನೆ. ಅದರಲ್ಲಿ ಪ್ರತಿ ಬಣ್ಣಕ್ಕೂ ಮೆಟ್ಟಿಲಿನ ಹಾಗೆ ಸಣ್ಣ ಸಣ್ಣ ಗೆರೆ ಬರುತ್ತವೆ. ಬಾರದ ಗೆರೆ ಅಂದರೆ ಇಂಕ್ ಬಾರದ ತೂತು. ಹಾಳೆಯನ್ನು ಎಸೆಯುವುದಿಲ್ಲ. ಒಂದು ಸಲ ಕ್ಲೀನ್ ಮಾಡಿ ಇನ್ನೊಂದು ಹಾಳೆ ತೆಗೆದು ಎರಡನ್ನೂ ಪಕ್ಕಪಕ್ಕ ಇಡುತ್ತೇನೆ.

ಅದೇ ಗೆರೆಗಳು ಅದೇ ಜಾಗದಲ್ಲಿ ಕಾಣೆಯಾಗಿದ್ದರೆ ತೂತು ಕಟ್ಟಿದೆ. ಮೊದಲ ಹಾಳೆಯಲ್ಲಿ ಇಲ್ಲಿ, ಎರಡನೆಯದರಲ್ಲಿ ಅಲ್ಲಿ ಅಂತ ಜಾಗ ಬದಲಾಗುತ್ತಿದ್ದರೆ ನಳಿಕೆಯಲ್ಲಿ ಗಾಳಿ ಸೇರಿದೆ. ಟ್ಯಾಂಕಿನಲ್ಲಿ ಇಂಕ್ ಕೆಳಗಿನ ಗೆರೆಗಿಂತ ಇಳಿದಾಗ ಗಾಳಿ ಸೇರುವುದು ಜಾಸ್ತಿ. ಎರಡಕ್ಕೂ ಮೂರು ಸಲಕ್ಕಿಂತ ಹೆಚ್ಚು ಒತ್ತಬೇಡಿ. ಆಮೇಲೆ ಆರಿಸಿ ಸುಮ್ನೆ ಬಿಟ್ಟುಬಿಡಬೇಕು. ಹನ್ನೆರಡು ಗಂಟೆ. ಟ್ಯಾಂಕ್ ಪ್ರಿಂಟರಿನ ಕೈಪಿಡಿಗಳಲ್ಲೂ ಹೀಗೇ ಕಾಯಲು ಹೇಳಿರುತ್ತಾರೆ. ಮುಚ್ಚಳದೊಳಗಿನ ಹಸಿ ಇಂಕ್ ಒಣಗಿದ್ದನ್ನು ನಿಧಾನವಾಗಿ ಮೆತ್ತಗೆ ಮಾಡುತ್ತದೆ. ಗಾಳಿಯ ಗುಳ್ಳೆಯೂ ತಾನಾಗಿ ಏರಿ ಹೋಗುತ್ತದೆ.

ರೇಖಾಳಿಗೆ ಹನ್ನೆರಡು ಗಂಟೆ ಇಲ್ಲ. ಹನ್ನೊಂದರಿಂದ ಹತ್ತರವರೆಗೆ ಹನ್ನೊಂದೇ ಗಂಟೆ. ಕಥೆಯ ನಿಜವಾದ ಕಷ್ಟ ಇದು ಅಂತ ನನಗೆ ಅನ್ನಿಸಿತು. ರಿಪೇರಿ ಆಗುವ ದಾರಿ ಇದೆ, ಆದರೆ ಅದಕ್ಕೆ ಬೇಕಾದ ಹೊತ್ತು ಇಲ್ಲ.

ನಿಗಡಿ ನಾಗರಾಜ್

ರಿಪೇರಿ ಅಣ್ಣಾ, ನನ್ನ ಅನುಭವ ಬೇರೆ. ಸಿರಿಂಜಿನಲ್ಲಿ ಹೆಡ್ ಕ್ಲೀನ್ ಮಾಡುವ ದ್ರವ ತುಂಬಿ, ಸಪೂರ ಪೈಪ್ ಹಾಕಿ, ಕಪ್ಪು ತೂತಿನ ಮೇಲಿನಿಂದ ಮೆಲ್ಲಗೆ ತಳ್ಳಿದೆ. ಅರ್ಧ ಗಂಟೆಯಲ್ಲಿ ಬಂತು. ಎರಡು ವರ್ಷ ಆಯಿತು, ಇನ್ನೂ ಓಡುತ್ತಿದೆ. ಕಾಯುತ್ತಾ ಕೂರಬೇಕಾಗಿಲ್ಲ.

ಹಳೇ ರಿಪೇರಿಯವ

ನಾಗರಾಜ್, ನಿಮಗೆ ಬಂದದ್ದು ನಿಜ ಇರಬಹುದು. ನಾನೂ ಮಾಡುತ್ತೇನೆ. ಆದರೆ ಒತ್ತಡ ಸ್ವಲ್ಪ ಜಾಸ್ತಿಯಾದರೆ ಹೆಡ್ಡಿನೊಳಗಿನ ಪದರ ಬಿಡುತ್ತದೆ, ಒಂದು ಬಣ್ಣ ಇನ್ನೊಂದರೊಳಗೆ ಸೇರುತ್ತದೆ. ದ್ರವ ಸರ್ಕ್ಯೂಟಿಗೆ ಇಳಿದರೆ ಹೆಡ್ ಸುಟ್ಟೇ ಹೋಗುತ್ತದೆ. ಹಾಗೆ ಸುಟ್ಟು ಬಂದವು ನನ್ನ ಹತ್ತಿರ ಇವೆ. ಆಗ ಹೊಸ ಹೆಡ್ಡಿನ ಬೆಲೆ ಕೇಳಿ ಜನ ಪ್ರಿಂಟರನ್ನೇ ಬಿಟ್ಟು ಹೋಗುತ್ತಾರೆ.

ನಿಗಡಿ ನಾಗರಾಜ್

ನಿಧಾನ ಮಾಡಿದರೆ ಏನೂ ಆಗುವುದಿಲ್ಲ. ನಾನು ಇದನ್ನು ಒಪ್ಪುವುದಿಲ್ಲ.

ಸಿಂಹಗಡ ರಸ್ತೆಯವ

ನನ್ನ ಟಿಶ್ಯೂ ತಪ್ಪಾಯಿತು, ಒಪ್ಪಿದೆ. ಟ್ಯಾಂಕ್ ಅನ್ನುವುದನ್ನು ಗಮನಿಸಿರಲಿಲ್ಲ. ಈಗ ಇನ್ನೊಂದು ಯೋಚನೆ. ಬಣ್ಣ ಮೂರೂ ಚೆನ್ನಾಗಿವೆ ಅಲ್ವಾ? ಹಾಗಾದರೆ `Ctrl+A` ಒತ್ತಿ ಎಲ್ಲ ಅಕ್ಷರವನ್ನೂ ನೀಲಿ ಮಾಡಿ ಪ್ರಿಂಟ್ ತೆಗೆಯಲಿ. ನೀಲಿ ಅಕ್ಷರದ ರಿಪೋರ್ಟ್ ಬೇಡ ಅನ್ನುವ ಗೈಡ್ ಇದ್ದಾರೆಯೇ?

ಹಳೇ ರಿಪೇರಿಯವ

ಇದು ಒಳ್ಳೇ ದಾರಿ. ಒಂದೇ ಹಾಳೆ ಬೇಕಿದ್ದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಎರಡು ತೊಡಕು ಇವೆ. ಕಡು ನೀಲಿ ಆರಿಸಿದರೆ ಕೆಲವು ಪ್ರಿಂಟರ್ ಅದಕ್ಕೂ ಸ್ವಲ್ಪ ಕಪ್ಪು ಬೆರೆಸಲು ಹೋಗುತ್ತವೆ. ಆ ಕಪ್ಪು ಬರುವುದಿಲ್ಲ, ಅಕ್ಷರ ಮಂಕಾಗುತ್ತದೆ. ತಿಳಿ ನೀಲಿ ಆರಿಸಿದರೆ ಝೆರಾಕ್ಸ್‌ನಲ್ಲಿ ಸರಿಯಾಗಿ ಮೂಡುವುದಿಲ್ಲ. ರೇಖಾಳಿಗೆ ಝೆರಾಕ್ಸ್ ಬೇಕಾಗುತ್ತದೆ, ಯಾಕೆ ಅಂತ ಹೇಳುತ್ತೇನೆ.

ಕಪ್ಪು ಟ್ಯಾಂಕನ್ನು ಮುಟ್ಟದೆ ಕಪ್ಪು ಅಕ್ಷರ ತೆಗೆಯುವ ದಾರಿ ಒಂದಿದೆ. ಪಿಗ್ಮೆಂಟ್ ಕಪ್ಪು ಹೊಳೆಯುವ ಫೋಟೋ ಪೇಪರಿಗೆ ಅಂಟುವುದಿಲ್ಲ, ಕೈ ತಾಗಿದರೆ ಬರುತ್ತದೆ. ಅದಕ್ಕೇ ಫೋಟೋ ತೆಗೆಯುವಾಗ ಪ್ರಿಂಟರ್ ಕಪ್ಪು ಇಂಕ್ ಬಿಟ್ಟು, ನೀಲಿ, ಕೆಂಪು, ಹಳದಿ ಮೂರನ್ನೂ ಒಂದರ ಮೇಲೊಂದು ಹಾಕಿ ಕಪ್ಪು ಮಾಡುತ್ತದೆ. ಹಾಕುವುದು ಸಾದಾ ಹಾಳೆಯಾದರೂ ಪ್ರಿಂಟರಿಗೆ ಫೋಟೋ ಪೇಪರ್ ಅಂತ ಹೇಳಿದರೆ ಸಾಕು. ಪ್ರಿಂಟ್ ಕೊಡುವಾಗ `Paper Type` ಅನ್ನುವಲ್ಲಿ `Plain Paper` ಬದಲು `Photo Paper Glossy` ಆರಿಸಬೇಕು. ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತದೆ. `Grayscale` ಟಿಕ್ ಇದ್ದರೆ ತೆಗೆಯಬೇಕು. ಮೊದಲು ಒಂದೇ ಹಾಳೆ ತೆಗೆದು ನೋಡಬೇಕು. ನಾಲ್ಕೂ ಡೈ ಇರುವ ಪ್ರಿಂಟರಿನಲ್ಲಿ ಇದು ನಡೆಯದೇ ಇರಬಹುದು.

ಕಷ್ಟಗಳೂ ಇವೆ. ಇಂಕ್ ಜಾಸ್ತಿ ಬೀಳುತ್ತದೆ, ಹಾಳೆ ಒದ್ದೆಯಾಗಿ ಸುರುಳಿ ಸುತ್ತುತ್ತದೆ. ಒಂದರ ಮೇಲೊಂದು ಬೀಳಲು ಬಿಟ್ಟರೆ ಹಿಂದಿನದಕ್ಕೆ ಅಂಟುತ್ತದೆ. ಒಂದೊಂದನ್ನೇ ಎತ್ತಿ ಹರಡಬೇಕು. ಕಪ್ಪು ಅಚ್ಚ ಕಪ್ಪಾಗಿರುವುದಿಲ್ಲ, ಸ್ವಲ್ಪ ಕಂದು ಕಾಣುತ್ತದೆ. ನೀರು ಬಿದ್ದರೆ ಹರಡುತ್ತದೆ. ಮತ್ತೆ ಬಹಳ ನಿಧಾನ. ಒಂದು ಪುಟಕ್ಕೆ ಒಂದೂವರೆ ನಿಮಿಷ ಅಂತ ಇಟ್ಟುಕೊಳ್ಳಿ.

ಈಗ ಲೆಕ್ಕ ಹಾಕೋಣ. ಮೂರು ಪ್ರತಿ ಅಂದರೆ 174 ಪುಟ. ಒಂದೂವರೆ ನಿಮಿಷದಂತೆ 261 ನಿಮಿಷ. ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಬಣ್ಣದ ಟ್ಯಾಂಕ್ ಅಷ್ಟು ತಡೆಯುವುದೂ ಅನುಮಾನ. ಒಂದೇ ಪ್ರತಿ ತೆಗೆದು, ಗ್ರಾಫ್ ಇರುವ ಆರು ಪುಟ ಮಾತ್ರ ಮೂರು ಮೂರು ತೆಗೆದರೆ? ಅಕ್ಷರದ ಪುಟ 52, ಗ್ರಾಫ್ 18. ಒಟ್ಟು 70 ಪುಟ, 105 ನಿಮಿಷ. ಎರಡು ಗಂಟೆಯೊಳಗೆ ಮುಗಿಯಿತು. ಬೆಳಿಗ್ಗೆ ಅಂಗಡಿ ತೆರೆಯುತ್ತಲೇ 52 ಪುಟದ ಎರಡು ಝೆರಾಕ್ಸ್. ಮೂರು ಬಣ್ಣ ಸೇರಿದ ಈ ಕಪ್ಪು ಝೆರಾಕ್ಸ್‌ನಲ್ಲಿ ಚೆನ್ನಾಗಿ ಮೂಡುತ್ತದೆ.

ಎಂ.ಎ. ಓದುವವಳು

ಬೆಳಿಗ್ಗೆ ಅಂಗಡಿ ತೆರೆಯುವುದೇ ಆದರೆ ರಾತ್ರಿ ಇಷ್ಟೆಲ್ಲ ಯಾಕೆ? ಪಿಡಿಎಫ್ ತೆಗೆದುಕೊಂಡು ಬೆಳಿಗ್ಗೆಯೇ ಹೋಗಬಹುದಲ್ಲ?

ಹಳೇ ರಿಪೇರಿಯವ

ಹೋಗಬಹುದು. ತೆರೆದ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಅದೇ ಸುಲಭ. ಆದರೆ ಸಬ್ಮಿಶನ್ ದಿನ ಕಾಲೇಜಿನ ಎದುರಿನ ಅಂಗಡಿಯಲ್ಲಿ ನಲವತ್ತು ಹುಡುಗರು ಪೆನ್‌ಡ್ರೈವ್ ಹಿಡಿದು ನಿಂತಿರುತ್ತಾರೆ. ಕಂಪ್ಯೂಟರ್ ಒಂದೇ ಇರುತ್ತದೆ, ಪ್ರಿಂಟಿನ ಸಾಲು ಉದ್ದ. ಹಾಳೆ ಕೈಯಲ್ಲಿದ್ದವರ ಝೆರಾಕ್ಸ್ ಬೇಗ ಮುಗಿಯುತ್ತದೆ. ಸ್ಪೈರಲ್ ಬೈಂಡಿಂಗಿಗೂ ಹೊತ್ತು ಬೇಕಲ್ವಾ? ರಾತ್ರಿ ಒಂದು ಪ್ರತಿ ಕೈಯಲ್ಲಿದ್ದರೆ ಅಂಗಡಿ ತಡವಾಗಿ ತೆರೆದರೂ ಗೈಡ್ ಮುಂದೆ ಇಡಲು ಏನಾದರೂ ಇರುತ್ತದೆ.

ಸೋಲಾಪುರ ದಾರಿ

ನಾನು ಕಥೆಯ ಬಗ್ಗೆ ಮಾತ್ರ ಹೇಳುತ್ತೇನೆ. ಕಮಲಕ್ಕ, ಸ್ವಿಚ್ಚಿನ ಸಾಲು ತೆಗೆಯಬೇಡಿ. ಅಪ್ಪನ ಮೇಲೆ ತಪ್ಪು ಬರುತ್ತದೆ ಅಂತ ನನಗೆ ಅನ್ನಿಸಲಿಲ್ಲ. ಆ ಪ್ರಿಂಟರನ್ನು ಕಂತು ಕಟ್ಟಿ ತಂದವನೂ ಅವನೇ. ಬಿಲ್ಲಿಗೆ ಹೆದರಿ ಸ್ವಿಚ್ ಆರಿಸಿದವನೂ ಅವನೇ. ಎರಡೂ ಒಂದೇ ಜೇಬಿನಿಂದ ಬಂದ ಕೆಲಸ. ಅವನು ಬಾಗಿಲಲ್ಲಿ ನಿಂತು ಏನೂ ಕೇಳದೇ ಇದ್ದದ್ದು ನಿಮ್ಮ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಜಾಗ.

ಆದರೆ ಕಾರಣ ರೇಖಾಳಿಗೆ ಗೊತ್ತಾಗಬೇಕಾ? ನನ್ನ ಪ್ರಕಾರ ಬೇಡ. ಓದುವವರಿಗೆ ಗೊತ್ತಾದರೆ ಸಾಕು.

ಸಿಂಹಗಡ ರಸ್ತೆಯವ

ಗೊತ್ತಾಗಲೇಬೇಕು. ಗೊತ್ತಾಗದಿದ್ದರೆ ಮುಂದಿನ ಗಣಪತಿಗೆ ಮತ್ತೆ ಅದೇ ಆಗುತ್ತದೆ. ಅವಳು ಎಂಜಿನಿಯರಿಂಗ್ ಓದುವವಳು, ಯಾಕೆ ಕೆಟ್ಟಿತು ಅಂತ ಹುಡುಕದೇ ಬಿಡುತ್ತಾಳಾ?

ಕಮಲಾ, ಕಾತ್ರಜ್

ಎರಡು ದಿನ ಯೋಚಿಸಿದೆ. ನಿನ್ನೆ ಪಕ್ಕದ ಮನೆಯ ಪ್ರಿಂಟರಿನಲ್ಲಿ ಆ ಫೋಟೋ ಪೇಪರ್ ವಿಷಯ ಮಾಡಿಯೂ ನೋಡಿದೆ. ರಿಪೇರಿ ಅಣ್ಣ ಹೇಳಿದ ಹಾಗೇ ಕಪ್ಪು ಸ್ವಲ್ಪ ಕಂದಾಗಿ ಬಂತು. ಹಾಳೆ ಹಸಿ ಹಪ್ಪಳದ ಹಾಗೆ ಮೆತ್ತಗಿತ್ತು. ಆ ಹಪ್ಪಳದಿಂದಲೇ ಹೊಸ ಕೊನೆ ಸಿಕ್ಕಿತು. "ರೇಖಾ ಒತ್ತುತ್ತಲೇ ಇದ್ದಳು" ಅನ್ನುವಲ್ಲಿಂದ ಬದಲಾಯಿಸಿದ್ದೇನೆ.

*

ಮೂರನೆಯ ಸಲಕ್ಕೆ ನಿಲ್ಲಿಸಿದಳು. ಮೂರು ಪರೀಕ್ಷೆಯ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಳು. ನೀಲಿ, ಕೆಂಪು, ಹಳದಿಯ ಮೆಟ್ಟಿಲು ಪೂರ್ತಿ ಇದ್ದವು. ಕಪ್ಪಿನ ಜಾಗದಲ್ಲಿ ನಾಲ್ಕೇ ಗೆರೆ, ಮೂರೂ ಹಾಳೆಯಲ್ಲಿ ಅದೇ ನಾಲ್ಕು. ಬಣ್ಣದ ಟ್ಯಾಂಕ್ ನೋಡಿದಳು, ಸ್ವಲ್ಪ ಇಳಿದಿತ್ತು.

ಹನ್ನೆರಡಕ್ಕೆ ಗೆಳತಿಗೆ ಫೋನ್ ಮಾಡಿದಳು. ಗೆಳತಿಯ ಅಣ್ಣ ನಿದ್ದೆಗಣ್ಣಲ್ಲೇ ಹೇಳಿದ, ಫೋಟೋ ಪೇಪರ್ ಅಂತ ಕೊಟ್ಟು ನೋಡು. ಮೊದಲ ಹಾಳೆ ಬರಲು ಬಹಳ ಹೊತ್ತು ಹಿಡಿಯಿತು. ಸಾಲಿನ ಮೇಲೆ ಸಾಲು, ಇರುವೆ ನಡೆದ ಹಾಗೆ. ಕೊನೆಗೆ ಅವಳ ಹೆಸರು ಬಂತು. ಚಹಾದ ಡಿಕಾಕ್ಷನ್ ಬಣ್ಣ.

ಅಪ್ಪ ಬಾಗಿಲು ಬಿಟ್ಟು ಒಳಗೆ ಬಂದ. ಹಾಳೆಯನ್ನು ಎರಡೂ ಅಂಗೈ ಮೇಲೆ ತೆಗೆದುಕೊಂಡು, ಬೇಕರಿಯ ತಟ್ಟೆ ಹಿಡಿದ ಹಾಗೆ, ಒಳಗಿನ ಕೋಣೆಗೆ ನಡೆದ. ಅವ್ವ ಚಾಪೆ ಹಾಸಿದಳು. ಒಂದೊಂದು ಹಾಳೆ ಬಿದ್ದಾಗಲೂ ಅವನು ಎತ್ತಿದ, ಅವಳು ಹರಡಿದಳು. ಫ್ಯಾನ್ ಹಾಕಿದರೆ ಹಾರುತ್ತವೆ ಅಂತ ಆರಿಸಿದರು. ಮೂವರ ಮೈಯೂ ಬೆವರಿತು. ಎರಡು ಗಂಟೆ ದಾಟಿದಾಗ ಎಪ್ಪತ್ತನೆಯ ಹಾಳೆ ಬಂತು. ಚಾಪೆ ತುಂಬಿ, ಹಾಸಿಗೆ ತುಂಬಿ, ಕೊನೆಯ ಹಾಳೆಗಳು ಅಡುಗೆಮನೆಯ ಕಟ್ಟೆಯ ಮೇಲೆ ಇದ್ದವು.

ಅಭ್ಯಾಸದಂತೆ ಅಪ್ಪನ ಕೈ ಗೋಡೆಯ ಸ್ವಿಚ್ಚಿಗೆ ಹೋಯಿತು.

"ಅಪ್ಪಾ, ತಡಿ. ಮೊದಲ ಇದನ್ನ ಒತ್ತಬೇಕಂತ."

ಅವಳು ಪ್ರಿಂಟರಿನ ಬಟನ್ ತೋರಿಸಿದಳು. ಅವನು ಒತ್ತಿದ. ಒಳಗೆ ಏನೋ ಸರಿದು ಬಲಗಡೆಗೆ ಹೋಗಿ ಕೂತ ಸದ್ದು. ದೀಪ ಎರಡು ಸಲ ಮಿನುಗಿ ಆರಿತು. ಅಪ್ಪನ ಕೈ ಇನ್ನೂ ಗಾಳಿಯಲ್ಲೇ ಇತ್ತು.

"ಅವತ್ತು ಗಣಪತಿಗೆ ನಾನs ಆರಿಸಿದ್ದೆ ಅಲ್ಲs?" ಅಂದ.

ರೇಖಾ ಚಾಪೆಯ ಮೇಲಿನ ಹಾಳೆಗಳನ್ನು ಎಣಿಸುತ್ತಿದ್ದಳು. "ಇಪ್ಪತ್ಮೂರು ಒಣಗ್ಯಾವ," ಅಂದಳು. "ನೀ ಮಲ್ಕೊ ಹೋಗಪ್ಪ. ನಾಕಕ್ಕ ಏಳಬೇಕು."

ಮರುದಿನ ಮಧ್ಯಾಹ್ನ ಕಾಲೇಜಿನಿಂದ ಬಂದವಳು ಪ್ರಿಂಟರ್ ಹಚ್ಚಿ ಒಂದು ಪರೀಕ್ಷೆಯ ಹಾಳೆ ತೆಗೆದಳು. ಕಪ್ಪು ಮೆಟ್ಟಿಲು ಮೂಡಿತ್ತು. ನಡುವೆ ಎರಡು ಗೆರೆ ಇರಲಿಲ್ಲ.

*

ಸೋಲಾಪುರ ದಾರಿ

ಅವಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಹಾಳೆ ಎಣಿಸಿದಳು. ಅಕ್ಕ, ಇದನ್ನು ಮುಟ್ಟಬೇಡಿ.

ಸಿಂಹಗಡ ರಸ್ತೆಯವ

ಗೈಡ್ ಏನಂದರು? ಡಿಕಾಕ್ಷನ್ ಬಣ್ಣದ ಪ್ರತಿ ತೆಗೆದುಕೊಂಡರಾ? ಅದು ಹೇಳದೆ ಮರುದಿನಕ್ಕೆ ಹೋಗಿಬಿಟ್ಟಿರಿ. ನನಗೆ ಅದು ಬೇಕಿತ್ತು.

ಕಮಲಾ, ಕಾತ್ರಜ್

ಬರೆದಿದ್ದೆ, ತೆಗೆದೆ. ಮನೆಯಿಂದ ಹೊರಗೆ ಹೋದರೆ ಕಥೆ ಬೇರೆಯದೇ ಆಗುತ್ತಿತ್ತು. ಇನ್ನೂ ಯೋಚಿಸುತ್ತೇನೆ.

ಹಳೇ ರಿಪೇರಿಯವ

ಒಂದು ತಿದ್ದುಪಡಿ ಇದೆ ಅಕ್ಕ. ಆ ಎರಡು ಗೆರೆಗೆ ಅವಳು ಮತ್ತೆ ಕ್ಲೀನಿಂಗ್ ಒತ್ತಬಾರದು. ಎರಡು ಗೆರೆ ಇಲ್ಲದಿದ್ದರೂ ಅಕ್ಷರ ಓದಲು ಬರುತ್ತದೆ. ದಿನಕ್ಕೆ ಒಂದೆರಡು ಕಪ್ಪು ಹಾಳೆ ತೆಗೆಯುತ್ತಿದ್ದರೆ ಬಹಳ ಸಲ ಅವು ತಾವಾಗಿಯೇ ತೆರೆದುಕೊಳ್ಳುತ್ತವೆ. ಆಮೇಲೆ ವಾರಕ್ಕೊಂದು ಹಾಳೆ ಸಾಕು, ನಾಲ್ಕೂ ಬಣ್ಣ ಇರುವಂಥದ್ದು. ಕಥೆಯಲ್ಲಿ ಹಾಕಿ ಅಂತ ಅಲ್ಲ. ಪಕ್ಕದ ಮನೆಯವರ ಪ್ರಿಂಟರಿಗೆ ಹೇಳಿದೆ.

ಕಮಲಾ, ಕಾತ್ರಜ್

ಅವರಿಗೆ ಈಗಲೇ ಹೋಗಿ ಹೇಳಿ ಬರುತ್ತೇನೆ ಅಣ್ಣ. ಅವರೂ ಗೋಡೆಯ ಸ್ವಿಚ್ಚೇ ಆರಿಸುತ್ತಾರೆ, ನಿನ್ನೆ ನೋಡಿದೆ.